ನೋಟೀಸ್ ಬೋರ್ಡಿನ ಮುಂದೆ ಅರ್ಧ ನಿಮಿಷ

ವಠಾರದಲ್ಲಿ ಬಾಳಿದವರಿಗೆ ನೋಟೀಸ್ ಬೋರ್ಡಿನ ಹಂಗಿರಲಿಲ್ಲ. ಒಂದು ನಲ್ಲಿ, ಒಂದು ಅಂಗಳ, ಎದುರುಬದುರಾಗಿ ಹತ್ತು ಬಾಗಿಲು. ಗಣೇಶನ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಊಟ ಮಾಡುವುದೆಂದು ಬೆಳಿಗ್ಗೆ ನಲ್ಲಿಯ ಬಳಿ ಒಬ್ಬರು ಹೇಳಿದರೆ, ಕೊಡ ತುಂಬುವುದರೊಳಗೆ ಸುದ್ದಿ ಹತ್ತು ಮನೆಗಳಿಗೂ ಮುಟ್ಟುತ್ತಿತ್ತು. ಈಗ ನಾವು ಜಯನಗರದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದರಲ್ಲಿ 24 ಮನೆಗಳವರು ವಾಸಿಸುತ್ತೇವೆ. ನಲ್ಲಿ ಪ್ರತಿ ಮನೆಯ ಒಳಗೇ ಇದೆ. ಬಾಗಿಲುಗಳು ಸದಾ ಮುಚ್ಚಿರುತ್ತವೆ. ಆದುದರಿಂದ, ಹೇಳಬೇಕಾದ ಮಾತೆಲ್ಲವೂ ಲಿಫ್ಟಿನ ಪಕ್ಕದ ಗೋಡೆಯ ಮೇಲಿನ ಗಾಜಿನ ಬಾಗಿಲಿನ ಬೋರ್ಡಿಗೆ ಬಂದು ಸೇರುತ್ತದೆ. ಅದರ ಬೀಗದ ಕೈ ಸಂಘದ ಕಾರ್ಯದರ್ಶಿಯ ಬಳಿ ಇರುತ್ತದೆ. ಕಾರ್ಯದರ್ಶಿತ್ವವು ಎರಡು ವರ್ಷಗಳಿಂದ ಈ ಬಡಪಾಯಿಯ ಕೊರಳಿಗೆ ಬಿದ್ದಿದೆ.

ಹಬ್ಬದ ಒಂದು ಪ್ರಕಟಣೆ ಬರೆಯುವುದರಲ್ಲಿ ಏನು ಮಹಾ ಕಷ್ಟ ಎಂದು ಓದುಗರು ನಗಬಹುದು. ನಾನೂ ಹಾಗೆಯೇ ನಕ್ಕವನು. 2024ರ ಗಣೇಶನ ಹಬ್ಬಕ್ಕೆ ನಾನೇ ಬರೆದು, ನಾನೇ ಅಂಟಿಸಿದ ಪ್ರಕಟಣೆಯನ್ನು ಮೊದಲು ತಮ್ಮ ಮುಂದಿಡುತ್ತೇನೆ. ಅದನ್ನು ಬರೆದ ದಿನ ನನಗೆ ಅದರ ಮೇಲೆ ಬಹಳ ಹೆಮ್ಮೆಯಿತ್ತು.

"ಶ್ರೀ ಮಹಾಗಣಪತಯೇ ನಮಃ. ಪ್ರಕಟಣೆ. ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ 1946ನೆಯ ಕ್ರೋಧಿ ನಾಮ ಸಂವತ್ಸರದ ದಕ್ಷಿಣಾಯನ ವರ್ಷ ಋತು ಭಾದ್ರಪದ ಶುದ್ಧ ಚತುರ್ಥಿ ಶನಿವಾರದಂದು ನಮ್ಮ ಸಂಘದ ಆಶ್ರಯದಲ್ಲಿ ಶ್ರೀ ವಿನಾಯಕಮೂರ್ತಿಯ ಪ್ರತಿಷ್ಠಾಪನಾ ಮಹೋತ್ಸವವನ್ನು ಜರುಗಿಸಲು ನಿಶ್ಚಯಿಸಿರುವುದರಿಂದ, ಸಂಘದ ಸಮಸ್ತ ಸದಸ್ಯರು ಕುಟುಂಬ ಸಮೇತರಾಗಿ ಆಗಮಿಸಿ, ಬರುವ ಭಾನುವಾರ 12-30ಕ್ಕೆ ಏರ್ಪಡಿಸಿರುವ ಮಹಾಪ್ರಸಾದ ವಿನಿಯೋಗದಲ್ಲಿ ಭಾಗಿಗಳಾಗಿ ಶ್ರೀ ಸ್ವಾಮಿಯ ಕೃಪೆಗೆ ಪಾತ್ರರಾಗಬೇಕಾಗಿ ಕೋರಲಾಗಿದೆ. ಸುಮಂಗಲಿಯರಿಗೆ ಅರಿಶಿನ ಕುಂಕುಮದ ಏರ್ಪಾಡು ಇರುತ್ತದೆ. ಇಂತಿ, ಕಾರ್ಯದರ್ಶಿ."

ಹಾಳೆಯ ಮೇಲಿನ ಅರ್ಧವನ್ನು ಗಣೇಶನ ಬಣ್ಣದ ಚಿತ್ರ ಆಕ್ರಮಿಸಿತ್ತು. ಕೆಳಗಿನ ಅರ್ಧದಲ್ಲಿ ಈ ಒಕ್ಕಣೆಯು ಇರುವೆಸಾಲಿನಂತೆ ಹರಿದಿತ್ತು. ಹಾಳೆಯನ್ನು ಬೋರ್ಡಿಗೆ ಚುಚ್ಚಿದ್ದು ಆಗಸ್ಟ್ 31, ಶನಿವಾರ. ಭಾನುವಾರ ಊಟವಾಯಿತು. 80 ಜನಕ್ಕೆಂದು ಅಡುಗೆ ಮಾಡಿಸಿದ್ದೆವು. ಎಲೆಯ ಮುಂದೆ ಕುಳಿತವರು 47 ಜನ. ಉಳಿದ ಬಿಸಿಬೇಳೆಭಾತನ್ನು ಹಂಚಲು ರಾತ್ರಿಯವರೆಗೆ ಪಾತ್ರೆ ಹಿಡಿದು ಅಂತಸ್ತುಗಳನ್ನು ಹತ್ತಿಳಿದೆವು. "ನೀವು ಬರೆದದ್ದು ದೇವರಿಗೆ ತಲುಪಿದೆ, ಜನರಿಗೆ ತಲುಪಿಲ್ಲ," ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು.

ಆ ತೀರ್ಪಿನಲ್ಲಿ ಎಷ್ಟು ಸತ್ಯವಿತ್ತೆಂಬುದು ನನಗೆ ನಿಧಾನವಾಗಿ ತಿಳಿಯಿತು. ನಾನು ಬರೆದದ್ದು ಪ್ರಕಟಣೆಯಲ್ಲ, ಲಗ್ನಪತ್ರಿಕೆ. ನಮ್ಮಲ್ಲಿ ಮಂಗಳಕಾರ್ಯವೆಂದೊಡನೆ ಲೇಖನಿಯು ತಾನಾಗಿ ಆ ಜಾಡನ್ನು ಹಿಡಿಯುತ್ತದೆ. ಮೊದಲು ದೇವರ ಸ್ಮರಣೆ, ಆಮೇಲೆ ಶಕ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ. ಕೊನೆಗೆ ಹೊತ್ತು ಮತ್ತು ಸ್ಥಳ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಈ ಕ್ರಮ ಸುಂದರವಾದದ್ದು. ಲಗ್ನಪತ್ರಿಕೆಗೆ ಅದು ಒಪ್ಪುತ್ತದೆ. ಏಕೆಂದರೆ ಪತ್ರಿಕೆಯು ಕೈಗೆ ಬರುತ್ತದೆ, ದೇವರ ಮುಂದೆ ಕೂಡುತ್ತದೆ, ಮದುವೆಯ ದಿನದವರೆಗೆ ಮನೆಯಲ್ಲಿಯೇ ಇರುತ್ತದೆ. ಓದುವವನು ಕುರ್ಚಿಯಲ್ಲಿ ಕುಳಿತು ಎರಡು ಸಲ ಓದುತ್ತಾನೆ.

ಬೋರ್ಡಿನ ಓದುಗನಿಗೆ ಆ ಭಾಗ್ಯವಿಲ್ಲ. ಅವನು ನಿಂತಿರುತ್ತಾನೆ. ಒಂದು ಕೈಯಲ್ಲಿ ತರಕಾರಿಯ ಚೀಲ, ಇನ್ನೊಂದರಲ್ಲಿ ಮಗುವಿನ ಕೈ. ಲಿಫ್ಟು ಇಳಿದು ಬರುವ ಅರ್ಧ ನಿಮಿಷವೇ ಅವನ ಓದಿನ ಅವಧಿ. ಆ ಅರ್ಧ ನಿಮಿಷದಲ್ಲಿ ಅವನು ದಕ್ಷಿಣಾಯನವನ್ನು ದಾಟಿ ವರ್ಷ ಋತುವಿಗೆ ಕಾಲಿಡುವಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯುತ್ತದೆ. ಊಟದ ಸುದ್ದಿ ಇನ್ನೂ ನಾಲ್ಕು ಸಾಲು ಕೆಳಗಿರುತ್ತದೆ. ಹಾಗಾಗಿ ಬೋರ್ಡಿನ ಪ್ರಕಟಣೆಯಲ್ಲಿ ಕ್ರಮವನ್ನು ತಿರುವಿಹಾಕಬೇಕು. ಏನು, ಎಂದು, ಎಷ್ಟು ಹೊತ್ತಿಗೆ, ಎಲ್ಲಿ ಎಂಬ ನಾಲ್ಕು ಮಾತುಗಳು ಮೊದಲು. ಅದೂ ದೂರದಿಂದಲೇ ಕಣ್ಣಿಗೆ ಬೀಳುವಂತೆ. ಉಳಿದದ್ದು ಆಮೇಲೆ. ಸಂವತ್ಸರ ತಿಥಿಗಳನ್ನು ಬಿಡಬಾರದೆಂಬ ಹಿರಿಯರಿದ್ದರೆ, ಅವು ಕೊನೆಯ ಸಾಲಿನಲ್ಲಿ ಗೌರವದಿಂದ ಕುಳಿತಿರಲಿ.

ಎರಡನೆಯ ತಪ್ಪು "ಬರುವ ಭಾನುವಾರ" ಎಂಬ ಎರಡು ಪದಗಳದು. ನಾನು ಬರೆಯುವಾಗ ಮನಸ್ಸಿನಲ್ಲಿದ್ದದ್ದು ಹಬ್ಬದ ಮಾರನೆಯ ದಿನ, ಅಂದರೆ ಸೆಪ್ಟೆಂಬರ್ 8. ಆದರೆ ಹಾಳೆಯನ್ನು ಶನಿವಾರ ಓದಿದವರಿಗೆ ಬರುವ ಭಾನುವಾರವೆಂದರೆ ಮಾರನೆಯ ದಿನವೇ, ಸೆಪ್ಟೆಂಬರ್ 1. ಒಂದು ಮನೆಯವರು ಆ ದಿನವೇ ಮಕ್ಕಳಿಗೆ ರೇಷ್ಮೆಲಂಗ ತೊಡಿಸಿ ಕೆಳಗಿಳಿದು ಬಂದು, ಬರಿಯ ಕಾರುಗಳನ್ನು ಕಂಡು, ಕಾವಲುಗಾರನನ್ನು ವಿಚಾರಿಸಿ ಹಿಂದಿರುಗಿದರಂತೆ. ಆಡುವ ಮಾತಿಗೆ ಆಡಿದ ದಿನವೊಂದಿರುತ್ತದೆ. ಬೋರ್ಡಿಗೆ ಚುಚ್ಚಿದ ಹಾಳೆಯು ಪ್ರತಿದಿನವೂ ಹೊಸದಾಗಿ ಮಾತನಾಡುತ್ತದೆ. ಆದುದರಿಂದ ನಾಳೆ, ಇಂದು, ಇದೇ, ಬರುವ, ಮುಂದಿನ ಎಂಬ ಪದಗಳಿಗೆ ಬೋರ್ಡಿನ ಮೇಲೆ ಜಾಗವಿಲ್ಲ.

ಅವುಗಳ ಬದಲು ತಾರೀಖನ್ನೂ ವಾರವನ್ನೂ ಜೊತೆಯಾಗಿ ಬರೆಯಬೇಕು. ಎರಡೂ ಏಕೆ ಎಂದು ಕೇಳಬಹುದು. ಒಂದು ಇನ್ನೊಂದರ ಕಾವಲು. ಬರೆಯುವವನು ಕೈತಪ್ಪಿ 31ರ ಬದಲು 30 ಎಂದು ಬರೆದು ಪಕ್ಕದಲ್ಲಿ ಭಾನುವಾರ ಎಂದಿಟ್ಟರೆ, ಕ್ಯಾಲೆಂಡರು ನೋಡುವ ಮೊದಲ ಓದುಗನೇ ತಪ್ಪನ್ನು ಹಿಡಿಯುತ್ತಾನೆ. ಬರಿಯ ತಾರೀಖಿದ್ದರೆ ತಪ್ಪು ಯಾರಿಗೂ ಕಾಣದೆ ಹಬ್ಬದ ದಿನದವರೆಗೆ ಹಾಗೆಯೇ ಇರುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿಯೇ ಬರೆಯುವುದು ಲೇಸು. 5-9 ಎಂದರೆ ಕೆಲವರಿಗೆ ಸೆಪ್ಟೆಂಬರ್ 5, ಪರದೇಶದಲ್ಲಿದ್ದು ಬಂದ ಕೆಲವರಿಗೆ ಮೇ 9. ಹೊತ್ತಿನ ಜೊತೆಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಪದವಿರಬೇಕು. ಅಂಕಿಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ನಮ್ಮ ಕನ್ನಡದ ಅಂಕಿಗಳು ನೋಡಲು ಸೊಗಸಾದವು. ಆದರೆ ಆರರ ೬ ಮತ್ತು ಒಂಬತ್ತರ ೯ ಅವಳಿ ಮಕ್ಕಳಂತಿವೆ. ಪುಸ್ತಕದಲ್ಲಿ ಹಿಂದುಮುಂದಿನ ಪುಟಗಳು ಅವನ್ನು ಗುರುತಿಸಿಕೊಡುತ್ತವೆ. ಮಂದಬೆಳಕಿನ ಬೋರ್ಡಿನಲ್ಲಿ ಒಂಟಿಯಾಗಿ ನಿಂತ ೬ ಯಾರನ್ನಾದರೂ ಮೂರು ಗಂಟೆ ಮೊದಲೋ ತಡವಾಗಿಯೋ ಕರೆತರಬಲ್ಲುದು. ನಮ್ಮ ಕಟ್ಟಡದಲ್ಲಿ ತಮಿಳು, ತೆಲುಗು, ಬಂಗಾಳಿ ಮಾತನಾಡುವ ಮನೆಗಳೂ ಇವೆ. 6, 9 ಎಂಬ ಅಂಕಿಗಳು ಇವರೆಲ್ಲರಿಗೂ ಸಮಾನವಾದ ಸೊತ್ತು.

ಇಷ್ಟನ್ನೂ ತಿದ್ದಿಕೊಳ್ಳುವುದು ಸುಲಭವಾಗಿತ್ತು. ಮೂರನೆಯ ತಪ್ಪನ್ನು ನನಗೆ ತೋರಿಸಿಕೊಟ್ಟವರು ಎರಡನೆಯ ಅಂತಸ್ತಿನ 204ನೆಯ ಮನೆಯ ಅಜ್ಜಿ. ಅವರು ಆ ಮನೆಯಲ್ಲಿ ಬಾಡಿಗೆಗಿದ್ದಾರೆ, ಒಬ್ಬರೇ ಇದ್ದಾರೆ. ಊಟದ ದಿನ ರಾತ್ರಿ ನಾನು ಉಳಿದ ಭಾತನ್ನು ಒಯ್ದು ಅವರ ಬಾಗಿಲು ತಟ್ಟಿದೆ. ಬಾಗಿಲು ತೆರೆದರು. ಒಳಗೆ ಸಣ್ಣದೊಂದು ಮಣ್ಣಿನ ಗಣೇಶ, ಅದರ ಮುಂದೆ ನಾಲ್ಕು ಕಡುಬು.

"ಏಕಮ್ಮಾ, ಊಟಕ್ಕೆ ಬರಲಿಲ್ಲವಲ್ಲ? ಬೋರ್ಡು ನೋಡಲಿಲ್ಲವೇ?" ಎಂದೆ.

"ನೋಡದೆ ಏನಪ್ಪಾ! ಎರಡು ದಿನ ನಿಂತು ಓದಿದೆ. ಬಹಳ ಚೆನ್ನಾಗಿ ಬರೆದಿದ್ದಿರಿ. ಆದರೆ ಸದಸ್ಯರು ಬರಬೇಕು ಎಂದಿತ್ತು, ನಾನು ಬಾಡಿಗೆಯವಳು. ಕುಟುಂಬ ಸಮೇತ ಎಂದಿತ್ತು, ನನಗೆ ಯಾರಿದ್ದಾರೆ? ಇನ್ನು ಮೂರನೆಯದು ನಿಮಗೇ ಗೊತ್ತು," ಎಂದು ನಕ್ಕು, ನನ್ನ ಪಾತ್ರೆಗೆ ಎರಡು ಕಡುಬು ಹಾಕಿ ಕಳುಹಿಸಿದರು.

ಆ ಮೂರನೆಯದು ಯಾವುದೆಂದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ಸುಮಂಗಲಿಯರಿಗೆ ಅರಿಶಿನ ಕುಂಕುಮ. ನಾನು ಯಾರನ್ನೂ ಹೊರಗಿಡಬೇಕೆಂದು ಬರೆದವನಲ್ಲ. ವಾಡಿಕೆಯ ಮಾತುಗಳನ್ನು ವಾಡಿಕೆಯಂತೆ ಜೋಡಿಸಿದ್ದೆ. ಆದರೆ ಒಂದೇ ಹಾಳೆಯಲ್ಲಿ ಮೂರು ಸಲ ಒಬ್ಬ ವೃದ್ಧೆಯ ಮುಖಕ್ಕೆ ಬಾಗಿಲು ಹಾಕಿದ್ದೆ.

ಈ ಮೂರು ಪದಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸದಸ್ಯ ಎಂಬುದು ಕಾನೂನಿನ ಪದ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಿಕತ್ವ ಅಧಿನಿಯಮದ ಪ್ರಕಾರ ಇಂತಹ ಸಂಘವೆಂದರೆ ಮನೆಗಳ ಮಾಲಿಕರ ಸಂಘ. ಮಹಾಸಭೆಯ ನೋಟೀಸಿಗೆ ಸದಸ್ಯರು ಎಂಬ ಪದ ಸರಿಯಾದುದೇ. ಅಲ್ಲಿ ಲೆಕ್ಕಪತ್ರಕ್ಕೆ ಕೈಯೆತ್ತುವವರು ಅವರು. ಆದರೆ ನಮ್ಮ 24 ಮನೆಗಳಲ್ಲಿ 9 ಮನೆಗಳವರು ಬಾಡಿಗೆಗಿದ್ದಾರೆ. ಹಬ್ಬದ ಕರೆಯಲ್ಲಿ ಆ ಪದವನ್ನಿಟ್ಟರೆ, ಹೆಚ್ಚುಕಡಿಮೆ ಐದರಲ್ಲಿ ಎರಡು ಮನೆಗಳಿಗೆ ಕರೆಯೇ ಇಲ್ಲವೆಂದಾಯಿತು. ಬಾರದಿದ್ದವರ ಪಟ್ಟಿಯನ್ನು ಆಮೇಲೆ ಮನಸ್ಸಿನಲ್ಲಿಯೇ ಹಾಕಿ ನೋಡಿದೆ. 9ರಲ್ಲಿ 7 ಮನೆಗಳವರು ಬಂದಿರಲಿಲ್ಲ. ಅಡುಗೆ ಉಳಿದ ಗುಟ್ಟು ಅಲ್ಲಿತ್ತು. ಇದೇ ಕಾರಣದಿಂದ ಹಬ್ಬದ ಕರೆಯನ್ನೂ ಮಹಾಸಭೆಯ ನೋಟೀಸನ್ನೂ ಒಂದೇ ಹಾಳೆಯಲ್ಲಿ ಬೆರೆಸಬಾರದು. ಊಟಕ್ಕೆ ಮೊದಲು ಒಂದು ಸಭೆಯನ್ನೂ ಮುಗಿಸಿಬಿಡೋಣವೆಂದು ಪ್ರತಿವರ್ಷ ಯಾರಾದರೊಬ್ಬರು ಸೂಚಿಸುತ್ತಾರೆ. ಒಂದು ಮಾಲಿಕರಿಗೆ ಹೋಗತಕ್ಕದ್ದು, ಇನ್ನೊಂದು ಮನೆಗಳಿಗೆ ಹೋಗತಕ್ಕದ್ದು.

ಸದಸ್ಯರ ಬದಲು "ಎಲ್ಲರೂ ಬನ್ನಿ" ಎಂದು ಬರೆದರೆ ಸಾಲದೇ? ಸಾಲದು. ಎಲ್ಲರೂ ಎಂಬ ಪದವನ್ನು ಓದುವ ಪ್ರತಿಯೊಬ್ಬನೂ ಅದರೊಳಗೆ ತಾನು ಇದ್ದೇನೆಯೇ ಎಂದು ಅನುಮಾನಿಸುತ್ತಾನೆ. ಹಾಗೆಂದು "ಬಾಡಿಗೆದಾರರು, ಒಬ್ಬರೇ ಇರುವವರು" ಎಂದು ಹೆಸರು ಹಿಡಿದು ಕರೆದರೆ, ಕರೆಯೇ ಚುಚ್ಚುಮಾತಾಗುತ್ತದೆ. ಬಹಳ ಯೋಚಿಸಿ ನಾವು ಕಂಡುಕೊಂಡ ಮಾತು "24 ಮನೆಗಳವರೂ" ಎಂಬುದು. ಅಂಕಿಗೆ ಭೇದಭಾವವಿಲ್ಲ. 204ನೆಯ ಮನೆಯನ್ನು ಬಿಟ್ಟರೆ ಲೆಕ್ಕ 23 ಆಗುತ್ತದೆ. ಆ ಮನೆಯಲ್ಲಿರುವವರು ಒಬ್ಬರೋ ಆರು ಜನವೋ, ಸ್ವಂತವೋ ಬಾಡಿಗೆಯೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕುಟುಂಬ ಸಮೇತ ಎಂಬುದಕ್ಕೆ ಆಗ ಅವಶ್ಯಕತೆಯೇ ಉಳಿಯಲಿಲ್ಲ. ಅರಿಶಿನ ಕುಂಕುಮದ ಸಾಲನ್ನು ಪ್ರಕಟಣೆಯಿಂದ ತೆಗೆದು, ಬಂದ ಹೆಂಗಸರಿಗೆಲ್ಲ ತಾಂಬೂಲ ಕೊಡುವುದೆಂದು ನಿಶ್ಚಯಿಸಿದೆವು. ಕುಂಕುಮದ ಭರಣಿ ತಟ್ಟೆಯಲ್ಲಿರಲಿ, ಬೇಕಾದವರು ಇಟ್ಟುಕೊಳ್ಳಲಿ. ಈ ಸೂಚನೆ ನಮ್ಮ ಮನೆಯವರದು.

ಮಾತು ನಿಶ್ಚಯವಾದ ಮೇಲೆ ಹಾಳೆಯ ಲೆಕ್ಕ. ಇದರಲ್ಲಿ ನನಗೆ ಗುರುವಾದವರು ಮೂರನೆಯ ಅಂತಸ್ತಿನಲ್ಲಿರುವ, ಮುದ್ರಣಾಲಯವೊಂದರಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು. ಅವರು ಅಳತೆಪಟ್ಟಿಯನ್ನು ತೆಗೆದುಕೊಂಡು ಬೋರ್ಡಿನ ಮುಂದೆಯೇ ಪಾಠ ಹೇಳಿದರು. ಹತ್ತು ಅಡಿ ದೂರದಿಂದ ಆರಾಮವಾಗಿ ಓದಬೇಕಾದರೆ ಅಕ್ಷರ ಒಂದು ಅಂಗುಲ ಎತ್ತರವಿರಬೇಕೆಂಬುದು ಫಲಕ ಬರೆಯುವವರ ಸ್ಥೂಲವಾದ ಲೆಕ್ಕ. ನಮ್ಮ ಲಿಫ್ಟಿನ ಬಾಗಿಲಿಗೂ ಬೋರ್ಡಿಗೂ ಆರು ಅಡಿ. ಆದುದರಿಂದ ಅಲ್ಲಿ ನಿಂತವನಿಗೆ ಕಾಣಬೇಕಾದ ಶೀರ್ಷಿಕೆ, ತಾರೀಖು, ಹೊತ್ತು ಇವು ಸುಮಾರು 15 ಮಿಲಿಮೀಟರ್ ಎತ್ತರವಿರಬೇಕು. ಅದನ್ನು ಕಂಡು ಹತ್ತಿರ ಬಂದವನು ಎರಡು ಅಡಿಯಲ್ಲಿ ನಿಲ್ಲುತ್ತಾನೆ. ಅವನಿಗೆ 5 ಮಿಲಿಮೀಟರಿನ ಅಕ್ಷರ ಸಾಕು. ಎರಡೇ ಗಾತ್ರಗಳು, ಮೂರನೆಯದು ಬೇಡ.

"ಇನ್ನು ಒತ್ತಕ್ಷರದ ಬಾಡಿಗೆ ಕೊಡಬೇಕು," ಎಂದರು ಅವರು. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಡಿಸುಗಳು ಮೇಲೆ ಏರುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಂತರವನ್ನೇ ಕನ್ನಡಕ್ಕೂ ಕೊಟ್ಟರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಗಲುತ್ತದೆ. ದೂರಕ್ಕೆ ಎಲ್ಲವೂ ಒಂದು ಕರಿಯ ಮುದ್ದೆಯಾಗಿ ಕಾಣುತ್ತದೆ. 5 ಮಿಲಿಮೀಟರಿನ ಅಕ್ಷರಕ್ಕೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 11 ಮಿಲಿಮೀಟರ್ ಇಡಬೇಕು.

ಈಗ ಲೆಕ್ಕವನ್ನು ಮಾಡಿ ನೋಡಿ. ಸಾಮಾನ್ಯವಾದ ಎ4 ಹಾಳೆಯು 210 ಮಿಲಿಮೀಟರ್ ಅಗಲ, 297 ಎತ್ತರ. ನಾಲ್ಕೂ ಕಡೆ 20 ಬಿಟ್ಟರೆ ಉಳಿಯುವ ಎತ್ತರ 257. ಶೀರ್ಷಿಕೆ ಮತ್ತು ತಾರೀಖಿನ ಭಾಗವು ಸುಮಾರು 90ನ್ನು ನುಂಗುತ್ತದೆ. ಉಳಿದದ್ದರಲ್ಲಿ 11ರಂತೆ 15 ಸಾಲುಗಳು ಹಿಡಿಯುತ್ತವೆ. ಒಂದು ಸಾಲಿಗೆ ಸುಮಾರು 25 ಅಕ್ಷರ. ನಮ್ಮ ಪದಗಳು ಉದ್ದವಾದುದರಿಂದ ಅವು ನಾಲ್ಕೇ ಪದ. ಒಟ್ಟು 60 ಪದ. ಹಬ್ಬದ ಕರೆಗೆ ಒಂದು ಹಾಳೆಯು ಕೊಡುವ ಆಸ್ತಿ ಇಷ್ಟೇ. "ಮಹಾಪ್ರಸಾದ ವಿನಿಯೋಗದಲ್ಲಿ ಭಾಗಿಗಳಾಗಿ" ಎಂದು ಮೂರು ಪದಗಳಲ್ಲಿ ಮುಕ್ಕಾಲು ಸಾಲನ್ನು ದುಂದು ಮಾಡಿದ್ದವನಿಗೆ, "ಊಟ" ಎಂಬ ಎರಡಕ್ಷರದ ಬೆಲೆ ಆ ದಿನ ತಿಳಿಯಿತು.

ಕನ್ನಡವನ್ನೂ ಇಂಗ್ಲಿಷನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲಿಸುವ ಪದ್ಧತಿ ಹಲವು ಕಟ್ಟಡಗಳಲ್ಲಿದೆ. ಮೇಲಿನ ಲೆಕ್ಕವನ್ನು ನೋಡಿದವರಿಗೆ ಅದರ ತೊಡಕು ತಾನಾಗಿ ತಿಳಿಯುತ್ತದೆ. ಒಂದೊಂದಕ್ಕೂ ಸಾಲಿಗೆ ಹನ್ನೆರಡು ಅಕ್ಷರ ಬಂದು, ವಿಸರ್ಜನೆಯಂತಹ ಪದದ ಪಕ್ಕದಲ್ಲಿ ಇನ್ನೊಂದೇ ಪದಕ್ಕೆ ಎಡೆಯಾಗುತ್ತದೆ. ಇದಕ್ಕೆ ಎರಡು ಹಾಳೆಗಳೇ ಮದ್ದು. ಎರಡರಲ್ಲಿಯೂ ಸಾಲುಗಳ ಕ್ರಮ ಒಂದೇ ಆಗಿರಬೇಕು. ಆಗ ಒಂದು ಹಾಳೆಯಲ್ಲಿ ತಿದ್ದಿದ ಹೊತ್ತನ್ನು ಇನ್ನೊಂದರಲ್ಲಿ ತಿದ್ದಲು ಮರೆತರೆ ಒಡನೆಯೇ ಕಣ್ಣಿಗೆ ಬೀಳುತ್ತದೆ.

ಗಣೇಶನ ಚಿತ್ರದ ವಿಷಯದಲ್ಲಿ ಸಮಿತಿಯಲ್ಲಿ ಸ್ವಲ್ಪ ಬಿಸಿಯಾದ ಚರ್ಚೆ ನಡೆಯಿತು. ಜಾಗ ತಿನ್ನುತ್ತದೆಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ತೊಂದರೆ ಆಮೇಲಿನದು. ಹಬ್ಬ ಮುಗಿದ ಮೇಲೆ ದೇವರ ಚಿತ್ರವಿರುವ ಹಾಳೆಯನ್ನು ಹರಿದು ಕಸಕ್ಕೆ ಹಾಕಲು ಯಾರಿಗೂ ಕೈ ಬಾರದು. ನನ್ನ 2024ರ ಪ್ರಕಟಣೆಯು ದೀಪಾವಳಿ ಕಳೆದರೂ ಬೋರ್ಡಿನಲ್ಲಿಯೇ ಇದ್ದು, ನೀರಿನ ಟ್ಯಾಂಕು ತೊಳೆಯುವ ಸೂಚನೆಯನ್ನು ಮೂಲೆಗೆ ತಳ್ಳಿತ್ತು. ಹಳೆಯ ಹಾಳೆಗಳು ತುಂಬಿದ ಬೋರ್ಡನ್ನು ಜನ ನೋಡುವುದನ್ನೇ ಬಿಡುತ್ತಾರೆ. ಕೊನೆಗೆ ಚಿತ್ರ ಬೇಡವೆಂದೂ, ಹಾಳೆಯ ಕೆಳಗೆ ಹಾಕಿದ ದಿನವನ್ನೂ ತೆಗೆಯುವ ದಿನವನ್ನೂ ಬರೆಯಬೇಕೆಂದೂ ತೀರ್ಮಾನವಾಯಿತು.

ಉಳಿದದ್ದು ಒಂದು ವಿಷಯ. ಪ್ರಕಟಣೆಯನ್ನು ಓದುವವರಲ್ಲಿ ಬಾರದವರೂ ಇರುತ್ತಾರೆ. ಎಳೆಗೂಸಿನ ಮನೆ, ಕಾಯಿಲೆಯವರಿರುವ ಮನೆ, ಪರೀಕ್ಷೆಗೆ ಓದುವ ಹುಡುಗನ ಮನೆ, ಆ ದೇವರನ್ನು ಪೂಜಿಸದ ಮನೆ. ಹಬ್ಬದಿಂದ ಅವರ ದಿನಚರಿಯಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಮೊದಲೇ ತಿಳಿಸುವುದು ನಮ್ಮ ಹೊಣೆ. ಕಾರು ಎಷ್ಟು ಹೊತ್ತು ಹೊರಗಿರಬೇಕು? ಸದ್ದು ಎಂದು, ಎಲ್ಲಿಯವರೆಗೆ? 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಂಗಳದಲ್ಲಿ ಧ್ವನಿವರ್ಧಕ ಕೂಡದು. ಆದರೆ ಕಾನೂನಿನ ಗಡಿಯನ್ನು ಹೇಳಿದರೆ ನೆರೆಯವನಿಗೆ ಸಮಾಧಾನವಾಗದು. ನಾವು ನಿಜವಾಗಿ ನಿಲ್ಲಿಸುವ ಹೊತ್ತನ್ನು ಬರೆದರೆ ಅವನು ಮಗುವನ್ನು ಮಲಗಿಸುವ ಏರ್ಪಾಡು ಮಾಡಿಕೊಳ್ಳುತ್ತಾನೆ.

ಹೀಗೆ ತಿದ್ದಿ ತೀಡಿ, 2025ರ ಆಗಸ್ಟ್ 20ರಂದು, ಎಂದರೆ ಹಬ್ಬಕ್ಕೆ ಒಂದು ವಾರ ಮೊದಲು, ಬೋರ್ಡಿಗೆ ಏರಿದ ಹಾಳೆ ಇದು. ಮೊದಲ ನಾಲ್ಕು ಸಾಲುಗಳು ದೊಡ್ಡ ಅಕ್ಷರದವು.

ಗಣೇಶನ ಹಬ್ಬದ ಊಟ
31 ಆಗಸ್ಟ್, ಭಾನುವಾರ
ಮಧ್ಯಾಹ್ನ 12.30
ಪಾರ್ಕಿಂಗ್ ಅಂಗಳ

24 ಮನೆಗಳವರೂ ಬರಬೇಕು.
ಮನೆಗೆ ಬಂದ ನೆಂಟರಿಗೂ ಸ್ವಾಗತ.

ಪೂಜೆ: 27 ಆಗಸ್ಟ್, ಬುಧವಾರ, ಬೆಳಿಗ್ಗೆ 9.00
ಮಕ್ಕಳ ಹಾಡು: 30 ಆಗಸ್ಟ್, ಶನಿವಾರ, ಸಂಜೆ 6.30
ವಿಸರ್ಜನೆಗೆ ಹೊರಡುವುದು: 31 ಆಗಸ್ಟ್, ಭಾನುವಾರ, ಸಂಜೆ 5.00

ಊಟಕ್ಕೆ ಎಷ್ಟು ಜನ? ಪಕ್ಕದ ಹಾಳೆಯಲ್ಲಿ 28 ಆಗಸ್ಟ್, ಗುರುವಾರದೊಳಗೆ ಬರೆಯಿರಿ.

ಕಾರುಗಳು 31 ಆಗಸ್ಟ್, ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ಹೊರಗಿರಲಿ.
ಧ್ವನಿವರ್ಧಕ 30 ಆಗಸ್ಟ್, ಶನಿವಾರ ಮಾತ್ರ, ರಾತ್ರಿ 9ಕ್ಕೆ ನಿಲ್ಲುತ್ತದೆ.

ವಿಚಾರಿಸಲು: ಕಾರ್ಯದರ್ಶಿ, ಮನೆ 103
ಹಾಕಿದ್ದು 20 ಆಗಸ್ಟ್. ತೆಗೆಯುವುದು 1 ಸೆಪ್ಟೆಂಬರ್

ವಿಸರ್ಜನೆಯ ಸಾಲಿನಲ್ಲಿ "ಹೊರಡುವುದು" ಎಂಬ ಪದವನ್ನು ಬೇಕೆಂದೇ ಇಟ್ಟೆವು. ನಾವು ಮೂರ್ತಿಯನ್ನು ಯಡಿಯೂರು ಕೆರೆಯ ಬಳಿಯ ಕಲ್ಯಾಣಿಗೆ ಒಯ್ಯುತ್ತೇವೆ. ಬರಿಯ "ವಿಸರ್ಜನೆ 5ಕ್ಕೆ" ಎಂದಿದ್ದರೆ, ಅರ್ಧ ಜನ ಐದಕ್ಕೆ ಕಟ್ಟಡದ ಬಾಗಿಲಿನಲ್ಲಿಯೂ ಇನ್ನರ್ಧ ಜನ ಕೆರೆಯ ದಂಡೆಯಲ್ಲಿಯೂ ನಿಂತು ಪರಸ್ಪರ ಕಾಯುವಂತಾಗುತ್ತಿತ್ತು. ಚಂದಾ ಹಣದ ಮಾತು ಈ ಹಾಳೆಯಲ್ಲಿ ಎಲ್ಲಿಯೂ ಇಲ್ಲವೆಂಬುದನ್ನು ಚತುರ ಓದುಗರು ಗಮನಿಸಿರಬಹುದು. ಕರೆಯ ಮಗ್ಗುಲಲ್ಲಿ ಹಣವನ್ನು ಕೂರಿಸಿದರೆ, ಕೊಡಲಾರದವನು ಊಟಕ್ಕೂ ಬರುವುದಿಲ್ಲ. ಕಾವಲುಗಾರನ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟೆವು. ಯಾರು ಎಷ್ಟು ಹಾಕಿದರೆಂದು ಬರೆಯಲಿಲ್ಲ. ಖರ್ಚಿಗೆ 1,100 ರೂಪಾಯಿ ಕಡಮೆ ಬಿದ್ದದ್ದನ್ನು ಸಮಿತಿಯವರೇ ಹಂಚಿಕೊಂಡೆವು.

ಪಕ್ಕದ ಹಾಳೆಯೂ ಸರಳವಾದದ್ದೇ. ಮನೆಯ ಸಂಖ್ಯೆ ಒಂದು ಕಡೆ, ಎಷ್ಟು ಜನ ಎಂಬುದು ಇನ್ನೊಂದು ಕಡೆ, ಹೆಸರಿಗೆ ಮನೆಯಿಲ್ಲ. ಅದನ್ನು ಗಾಜಿನ ಹೊರಗೆ, ಮಕ್ಕಳ ಕೈಗೂ ಎಟುಕುವಂತೆ, ದಾರಕ್ಕೆ ಕಟ್ಟಿದ ಪೆನ್ಸಿಲಿನೊಡನೆ ತೂಗುಹಾಕಿದೆವು. ಪೆನ್ಸಿಲೇ ಏಕೆಂದರೆ, ಗೋಡೆಯ ಮೇಲೆ ಲಂಬವಾಗಿ ಬರೆಯುವಾಗ ಶಾಯಿಯ ಪೆನ್ನು ನಾಲ್ಕು ಸಾಲಿಗೆ ಮುನಿದುಕೊಳ್ಳುತ್ತದೆ. ಗುರುವಾರ ರಾತ್ರಿ ಹಾಳೆಯನ್ನು ತೆಗೆದು ಕೂಡಿಸಿದಾಗ 22 ಮನೆಗಳಿಂದ 71 ಜನ. ಬರೆಯದೆ ಬರುವವರಿಗೆಂದು ನಾಲ್ಕು ಜನವನ್ನು ಸೇರಿಸಿ ಅಡುಗೆಯವರಿಗೆ 75 ಎಂದು ಹೇಳಿದೆವು. ಭಾನುವಾರ ಎಲೆ ಹಾಕಿದ್ದು 74.

ಸೋಮವಾರ, ಸೆಪ್ಟೆಂಬರ್ 1ರ ಬೆಳಿಗ್ಗೆ, ಹಾಳೆಯ ಮೇಲೆ ಬರೆದಿದ್ದ ಮಾತಿಗೆ ಕಟ್ಟುಬಿದ್ದು ಬೋರ್ಡಿನ ಬೀಗ ತೆಗೆದೆ. ಪ್ರಕಟಣೆಯನ್ನು ಮಡಿಸಿ ಕಡತಕ್ಕೆ ಹಾಕಿದೆ. ಬರುವ ವರ್ಷ ಕಾರ್ಯದರ್ಶಿಯಾಗುವವರು ತಾರೀಖುಗಳನ್ನು ಬದಲಿಸಿಕೊಂಡರೆ ಸಾಕು. ಪಕ್ಕದ ಹಾಳೆಯನ್ನೂ ಒಮ್ಮೆ ನೋಡಿದೆ. ಆಗಸ್ಟ್ 20ರ ಸಂಜೆ ಅದನ್ನು ತೂಗುಹಾಕಿದಾಗ ಮೊದಲು ಬರೆದವರು ಯಾರೆಂದು ನಾನು ಗಮನಿಸಿರಲಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಸ್ವಲ್ಪ ನಡುಗಿದ ಕೈಬರಹದಲ್ಲಿ, ಹೀಗಿತ್ತು: ಮನೆ 204, ಜನ 1.